ಕನ್ನಡಿಯಲ್ಲಿ ಇಲ್ಲದ ಕಿಟಕಿ ಕಂಡಿತು

"ಕನ್ನಡಿ ಒಳಗೆ ಕಾಣೋ ಕಿಟಕಿ ಎಲ್ಲಿದೆಯಪ್ಪಾ? ಅಲ್ಲಿ ಬಾತ್‌ರೂಮ್ ಬಾಗಿಲು ಅಲ್ವಾ ಇರೋದು?"

ಮೈಸೂರಿನ ಒಂದು ಎರಡು ಬೆಡ್‌ರೂಮಿನ ಫ್ಲಾಟಿಗೆ ಕಂಪ್ಯೂಟರಿನಲ್ಲಿ ಇಂಟೀರಿಯರ್ ವ್ಯೂಗಳನ್ನು ಮಾಡಿಕೊಟ್ಟಿದ್ದೆ. ಆ ಮನೆಯ ಅಮ್ಮ ಫೋನಿನಲ್ಲಿ ಚಿತ್ರವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಈ ಪ್ರಶ್ನೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಿಟಕಿಯನ್ನು ನಾನೇ ಸುಮ್ನೆ ಇಟ್ಟಿದ್ದೆ. ಕನ್ನಡಿಯಲ್ಲಿ ಗಿಡ, ಬೆಳಕು ಕಂಡರೆ ರೂಮು ಚೆನ್ನಾಗಿ ಕಾಣುತ್ತೆ ಅನ್ನೋದಷ್ಟೇ ಕಾರಣ. ಅವರೋ ಆ ಚಿತ್ರ ನೋಡಿಯೇ ವಾರ್ಡ್‌ರೋಬಿಗೆ ಕನ್ನಡಿ ಹಾಕಿಸಲು ಒಪ್ಪಿದ್ದರು.

ರೂಮಿನ ಲೆಕ್ಕ ಹೀಗಿದೆ. ಪೂರ್ವ ಪಶ್ಚಿಮ 11 ಅಡಿ, ಉತ್ತರ ದಕ್ಷಿಣ 13 ಅಡಿ. ಉತ್ತರದ ಗೋಡೆಗೆ 2 ಅಡಿ ಆಳದ, 7 ಅಡಿ ಅಗಲದ ಸ್ಲೈಡಿಂಗ್ ವಾರ್ಡ್‌ರೋಬ್, ಪಶ್ಚಿಮದ ಮೂಲೆಯಿಂದ ಶುರು. ಅದಕ್ಕೆ ಮೂರೂವರೆ ಅಡಿಯ ಎರಡು ಶಟರ್. ಬಲಗಡೆಯ ಶಟರಿಗೆ ಪೂರ್ತಿ ಕನ್ನಡಿ. ಮಂಚದ ತಲೆ ಪಶ್ಚಿಮಕ್ಕೆ, ಕಿಟಕಿ ಪೂರ್ವಕ್ಕೆ. ದಕ್ಷಿಣದ ಗೋಡೆಯಲ್ಲಿ ಎರಡು ಬಾಗಿಲು: ಪೂರ್ವದ ತುದಿಯಲ್ಲಿ ರೂಮಿನ ಬಾಗಿಲು, ಪಶ್ಚಿಮದ ಮೂಲೆಯಿಂದ ಒಂದು ಅಡಿ ಬಿಟ್ಟು ಎರಡೂವರೆ ಅಡಿಯ ಬಾತ್‌ರೂಮ್ ಬಾಗಿಲು.

ಮಂಚ, ವಾರ್ಡ್‌ರೋಬ್ ಎರಡೂ ಒಂದೇ ವ್ಯೂನಲ್ಲಿ ಬರಬೇಕಿತ್ತು. ಕ್ಯಾಮೆರಾ ರೂಮಿನ ಒಳಗೇ ನಿಂತರೆ ಅಷ್ಟು ಹಿಡಿಯೋದಿಲ್ಲ. ಹಾಗಾಗಿ ದಕ್ಷಿಣದ ಗೋಡೆಯನ್ನು ಡಿಲೀಟ್ ಮಾಡಿ, ಕ್ಯಾಮೆರಾವನ್ನು 3 ಅಡಿ ಹೊರಗೆ ಎಳೆದಿದ್ದೆ. ನಮ್ಮ ಕೆಲಸದಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ. ಆ ಗೋಡೆ ಹೇಗೂ ಚಿತ್ರದಲ್ಲಿ ಬರೋದಿಲ್ಲ, ಇಲ್ಲದಿದ್ದರೆ ಯಾರಿಗೆ ಗೊತ್ತಾಗುತ್ತೆ ಅಂದುಕೊಳ್ಳುತ್ತೇವೆ. ಆದರೆ ಕನ್ನಡಿಗೆ ಗೊತ್ತಾಗುತ್ತದೆ. ಗೋಡೆ ಹೋದ ಜಾಗದಲ್ಲಿ ಹಿನ್ನೆಲೆಗೆ ಹಾಕಿದ್ದ ಆಕಾಶದ ಚಿತ್ರ ಕನ್ನಡಿಯೊಳಗೆ ಬಂತು. ಅದನ್ನು ಮುಚ್ಚೋಕೆ ಪೂರ್ವದ ಗೋಡೆಯನ್ನು ಕಿಟಕಿ ಸಮೇತ ಕಾಪಿ ಮಾಡಿ ಅಲ್ಲಿ ನಿಲ್ಲಿಸಿದೆ. ಇಲ್ಲದ ಕಿಟಕಿ ಹುಟ್ಟಿದ್ದು ಹೀಗೆ.

ಅವತ್ತು ರಾತ್ರಿ ಪ್ಲಾನ್ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಕೂತೆ. ಕನ್ನಡಿಯಲ್ಲಿ ಏನು ಕಾಣಬೇಕು ಅನ್ನೋದಕ್ಕೆ ರೆಂಡರ್ ಬೇಕಾಗಿಲ್ಲ, ಎರಡು ಗೆರೆ ಸಾಕು. ಕ್ಯಾಮೆರಾ ಕನ್ನಡಿಯಿಂದ ಎಷ್ಟು ದೂರ ಇದೆಯೋ ಅಷ್ಟೇ ದೂರಕ್ಕೆ, ಕನ್ನಡಿಯ ಹಿಂದೆ ನೇರವಾಗಿ ಒಂದು ಚುಕ್ಕಿ ಇಡಬೇಕು. ಆ ಚುಕ್ಕಿಯಿಂದ ಕನ್ನಡಿಯ ಎರಡು ಅಂಚುಗಳ ಮೂಲಕ ಗೆರೆ ಎಳೆದು ರೂಮಿನೊಳಗೆ ಮುಂದುವರಿಸಬೇಕು. ಎರಡು ಗೆರೆಗಳ ನಡುವೆ ಸಿಕ್ಕಿದ್ದೇ ಕನ್ನಡಿಯಲ್ಲಿ ಕಾಣುವ ಭಾಗ.

ಇಲ್ಲಿ ವಾರ್ಡ್‌ರೋಬಿನ ಮುಖ ದಕ್ಷಿಣದ ಗೋಡೆಯಿಂದ 11 ಅಡಿ. ಕ್ಯಾಮೆರಾ ಗೋಡೆಯಿಂದ 3 ಅಡಿ ಆಚೆ. ಅಂದರೆ ಕನ್ನಡಿಯಿಂದ 14 ಅಡಿ. ಹಾಗಾಗಿ ಚುಕ್ಕಿ ಕನ್ನಡಿಯ ಹಿಂದೆ 14 ಅಡಿಗೆ ಬರುತ್ತದೆ. ಕ್ಯಾಮೆರಾ ಪಶ್ಚಿಮದ ಗೋಡೆಯಿಂದ ಎಂಟೂವರೆ ಅಡಿ ದೂರದಲ್ಲಿತ್ತು, ಚುಕ್ಕಿಯೂ ಅಷ್ಟೇ. ಗೆರೆ ಎಳೆದಾಗ ಒಂದು ಗೆರೆ ದಕ್ಷಿಣದ ಗೋಡೆಯನ್ನು ಮೂಲೆಯಿಂದ ಸುಮಾರು 6 ಅಡಿಗೆ ಮುಟ್ಟಿತು. ಇನ್ನೊಂದು ಪಶ್ಚಿಮದ ಗೋಡೆಗೆ, ಮೂಲೆಯಿಂದ ಒಂದು ಅಡಿ ಚಿಲ್ಲರೆ ದೂರದಲ್ಲಿ ಬಿತ್ತು. ಬಾತ್‌ರೂಮ್ ಬಾಗಿಲು ಪೂರ್ತಿಯಾಗಿ ಈ ಎರಡು ಗೆರೆಗಳ ನಡುವೆ. ಅಮ್ಮ ಹೇಳಿದ್ದೇ ಸರಿ.

ಆಮೇಲೆ ಬ್ಲೆಂಡರ್ ಅನ್ನೋ 3D ಸಾಫ್ಟ್‌ವೇರಿನ ಫೈಲನ್ನು ಮತ್ತೆ ತೆಗೆದೆ. ನಾನು ರೆಂಡರ್ ಮಾಡೋದು ಅದರ Cycles ಎಂಜಿನ್‌ನಲ್ಲಿ. ಸೈಟಿನ ಅಳತೆ ನೋಡಿಕೊಂಡು ದಕ್ಷಿಣದ ಗೋಡೆಯನ್ನು ಪೂರ್ತಿ ಕಟ್ಟಿದೆ. ಎರಡೂ ಬಾಗಿಲು, ಚೌಕಟ್ಟು, ಸ್ಕರ್ಟಿಂಗ್, ಸ್ವಿಚ್ ಬೋರ್ಡ್ ಎಲ್ಲಾ ಬಂತು. ಆ ಗೋಡೆ ಪ್ರತ್ಯೇಕ ಆಬ್ಜೆಕ್ಟ್ ಆಗಿರಬೇಕು, ಇಡೀ ರೂಮು ಒಂದೇ ಮೆಶ್ ಆಗಿದ್ದರೆ ಈ ಉಪಾಯ ನಡೆಯೋದಿಲ್ಲ. Edit Mode ನಲ್ಲಿ ಗೋಡೆಯ ಮುಖಗಳನ್ನು ಆರಿಸಿ `P` ಒತ್ತಿ, Selection ಕೊಟ್ಟರೆ ಬೇರೆಯಾಗುತ್ತದೆ. ಆಮೇಲೆ Object Properties ಒಳಗೆ Visibility, ಅದರಲ್ಲಿ Ray Visibility, ಅಲ್ಲಿ Camera ಟಿಕ್ ತೆಗೆಯಬೇಕು. ಈಗ ಕ್ಯಾಮೆರಾಕ್ಕೆ ನೇರವಾಗಿ ಆ ಗೋಡೆ ಕಾಣೋದಿಲ್ಲ. ಆದರೆ ಕನ್ನಡಿಗೆ ಕಾಣುತ್ತದೆ, ಹೊರಗಿನ ಬೆಳಕನ್ನೂ ತಡೆಯುತ್ತದೆ. ಗೋಡೆಯ ಮೇಲಿನ ಚೌಕಟ್ಟು, ಸ್ವಿಚ್ಚುಗಳಿಗೂ ಇದನ್ನೇ ಮಾಡಬೇಕು. ಇಲ್ಲದಿದ್ದರೆ ಸ್ವಿಚ್ ಬೋರ್ಡಿನ ಬೆನ್ನು ಗಾಳಿಯಲ್ಲಿ ತೇಲುತ್ತಾ ಚಿತ್ರಕ್ಕೆ ಅಡ್ಡ ಬರುತ್ತದೆ. ಸಾಮಾನು ಜಾಸ್ತಿ ಇದ್ದರೆ ಎಲ್ಲವನ್ನೂ ಆರಿಸಿಕೊಂಡು ಇಷ್ಟು ಓಡಿಸುತ್ತೇನೆ:

```python
import bpy
for o in bpy.context.selected_objects:
    o.visible_camera = False
```

ಕ್ಯಾಮೆರಾದ Clip Start ಜಾಸ್ತಿ ಮಾಡಿಯೂ ಗೋಡೆಯನ್ನು ದಾಟಬಹುದು. ಅದೂ ಕನ್ನಡಿಯನ್ನು ಕೆಡಿಸೋದಿಲ್ಲ. ಆದರೆ ಆ ಕತ್ತರಿ ಕ್ಯಾಮೆರಾ ನೋಡುವ ದಿಕ್ಕಿಗೆ ಅಡ್ಡವಾಗಿ ಬೀಳುತ್ತದೆ, ಗೋಡೆಯ ಉದ್ದಕ್ಕೂ ಅಲ್ಲ. ಕ್ಯಾಮೆರಾ ಸ್ವಲ್ಪ ಓರೆಯಾಗಿದ್ದರೆ ಒಂದು ಕಡೆ ಗೋಡೆ ಉಳಿಯುತ್ತದೆ, ಇನ್ನೊಂದು ಕಡೆ ಮಂಚದ ಮೂಲೆ ಕಟ್ ಆಗುತ್ತದೆ. ಗೋಡೆಗೆ ನೇರ ಎದುರು ನಿಂತ ವ್ಯೂಗಳಿಗೆ ಮಾತ್ರ ನಾನು ಅದನ್ನು ಬಳಸುತ್ತೇನೆ.

ಗೋಡೆ ವಾಪಸ್ ಬಂದ ಕೂಡಲೇ ರೂಮು ಕತ್ತಲಾಯಿತು. ಅಷ್ಟು ದಿನ ಒಂದು ಗೋಡೆಯಷ್ಟು ಅಗಲದ ತೂತಿನಿಂದ ಬೆಳಕು ಸುರಿಯುತ್ತಿತ್ತು, ಅದು ನನಗೆ ಗೊತ್ತೇ ಆಗಿರಲಿಲ್ಲ. ಇಲ್ಲೇ ಮತ್ತೆ ತಪ್ಪು ಮಾಡುವ ಆಸೆ ಆಗೋದು. ಕ್ಯಾಮೆರಾ ಪಕ್ಕದಲ್ಲಿ ಒಂದು ದೊಡ್ಡ Area ಲೈಟ್ ಇಟ್ಟೆ, ಅದು ಕನ್ನಡಿಯಲ್ಲಿ ಬಿಳಿ ಹಲಗೆಯ ಹಾಗೆ ಕಂಡಿತು. ಆ ಲೈಟಿನ Ray Visibility ಯಲ್ಲಿ Glossy ತೆಗೆದರೆ ಹಲಗೆ ಮಾಯವಾಗುತ್ತದೆ, ನಿಜ. ಆದರೆ ಆ ಬೆಳಕಿನಿಂದ ಹಿತ್ತಾಳೆ ಹಿಡಿಗಳ ಮೇಲೆ ಬರುತ್ತಿದ್ದ ಮಿಂಚೂ ಹೋಗುತ್ತದೆ, ನೆರಳು ಮಾತ್ರ ಇಲ್ಲದ ಕಿಟಕಿಯ ಕಡೆಯಿಂದ ಬಿದ್ದ ಹಾಗೇ ಉಳಿಯುತ್ತದೆ. ಕೊನೆಗೆ ಆ ಲೈಟನ್ನೇ ತೆಗೆದೆ. ಪ್ಲಾನಿನಲ್ಲಿ ಇರುವ ಸೀಲಿಂಗ್ ಲೈಟುಗಳನ್ನು ಅವುಗಳ ಜಾಗದಲ್ಲೇ ಇಟ್ಟು, Exposure ಏರಿಸಿದೆ. ನಿಜವಾದ ಫೋಟೋಗ್ರಾಫರ್ ಮಾಡುವುದೂ ಅದನ್ನೇ ಅಲ್ವಾ?

ಇನ್ನೂ ಒಂದು ದೋಷ ಉಳಿದಿತ್ತು. ಕನ್ನಡಿಯೊಳಗಿನ ಬಾಗಿಲ ಚೌಕಟ್ಟು ಅಂಚಿನ ಹತ್ತಿರ ಬಿಲ್ಲಿನ ಹಾಗೆ ಬಾಗಿತ್ತು. ಕನ್ನಡಿಯ ಅಂಚಿಗೆ ಬೆವೆಲ್ ಕೊಟ್ಟು Shade Smooth ಹಾಕಿದ್ದು ಅದಕ್ಕೆ ಕಾರಣ. ಮೆಶ್ ಚಪ್ಪಟೆಯಾಗಿಯೇ ಇದ್ದರೂ, ಅಂಚಿನ ನಾರ್ಮಲ್‌ಗಳು ಇಡೀ ಮುಖಕ್ಕೆ ಹರಡಿಕೊಂಡು ಪ್ರತಿಬಿಂಬ ಬಾಗುತ್ತದೆ. ಬಿಳಿ ಗೋಡೆ ಕಾಣುವಾಗ ಇದು ಗೊತ್ತೇ ಆಗೋದಿಲ್ಲ. ನೇರವಾದ ಗೆರೆ ಯಾವುದಾದರೂ ಬಂದಾಗಲೇ ಸಿಕ್ಕಿಬೀಳುತ್ತದೆ. Shade Flat ಕೊಟ್ಟೆ, ಚೌಕಟ್ಟು ನೆಟ್ಟಗಾಯಿತು.

ಈಗ ಕನ್ನಡಿ ಇರುವ ಪ್ರತಿ ರೂಮಿಗೂ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ನಾಲ್ಕು ಗೋಡೆಗೂ ನಾಲ್ಕು ಗಾಢ ಬಣ್ಣ ಹಚ್ಚಿ, ಪ್ರತಿ ಗೋಡೆಯ ಮೇಲೆ ದಿಕ್ಕಿನ ಹೆಸರನ್ನು ದೊಡ್ಡದಾಗಿ ಬರೆಯುತ್ತೇನೆ. ಕಡಿಮೆ ಸ್ಯಾಂಪಲ್‌ನಲ್ಲಿ ಒಂದು ರೆಂಡರ್ ತೆಗೆಯುತ್ತೇನೆ. ಪೆನ್ಸಿಲ್ ಗೆರೆ ಹೇಳಿದ ಗೋಡೆಯ ಬಣ್ಣವೇ ಕನ್ನಡಿಯಲ್ಲಿ ಬರಬೇಕು, 'ದಕ್ಷಿಣ' ಅನ್ನೋದು ತಿರುಗುಮುರುಗಾಗಿ ಕಾಣಬೇಕು. ಸ್ಲೈಡಿಂಗ್ ಶಟರ್ ಆದರೆ ಕನ್ನಡಿ ಎರಡು ಜಾಗದಲ್ಲಿ ನಿಲ್ಲಬಹುದು. ಎರಡಕ್ಕೂ ಗೆರೆ ಎಳೆಯುತ್ತೇನೆ. ಈ ರೂಮಿನಲ್ಲಿ ಕನ್ನಡಿಯನ್ನು ಎಡಕ್ಕೆ ತಳ್ಳಿದರೆ ಬಾಗಿಲಲ್ಲಿ ನಿಂತವರಿಗೆ ಮಂಚದ ಕಡೆಯ ಗೋಡೆ ಕಾಣುತ್ತದೆ. ಆದರೆ ಮಂಚದ ಮೇಲೆ ಕೂತವರಿಗೆ ಅದೇ ಬಾತ್‌ರೂಮ್ ಬಾಗಿಲು.

ಅದೇ ಮನೆಯ ಹಾಲ್‌ನಲ್ಲಿ ನೆಲದ್ದೂ ಇಂಥದೇ ಕಥೆ. ಪಾಲಿಶ್ ಆದ ವಿಟ್ರಿಫೈಡ್ ಟೈಲ್ಸ್. ಒಂದು ಕಡೆ ನೆಲದವರೆಗೆ ಇಳಿಯುವ ಬಾಲ್ಕನಿ ಬಾಗಿಲು, ಅದರ ಪಕ್ಕದಲ್ಲಿ ನೆಲದಿಂದ 3 ಅಡಿ ಮೇಲೆ ಶುರುವಾಗುವ ಕಿಟಕಿ. ನೆಲದ ಹೊಳಪು ಕಡಿಮೆ ಅನ್ನಿಸಿ, ಅವಸರದಲ್ಲಿ ಕಿಟಕಿಯ ಚಿತ್ರವನ್ನೇ ತಲೆಕೆಳಗು ಮಾಡಿ ಫೋಟೋಶಾಪ್‌ನಲ್ಲಿ ನೆಲದ ಮೇಲೆ ಅಂಟಿಸಿದ್ದೆ. ಸೈಟ್ ಇಂಜಿನಿಯರ್ ನೋಡಿ, "ಇಲ್ಲೂ ಬಾಗಿಲು ಇಡ್ತೀರಾ?" ಅಂತ ಕೇಳಿದರು.

ಅವರು ಕೇಳಿದ್ದು ಸರಿಯಾಗಿತ್ತು. ನಾನು ಅಂಟಿಸಿದ ಹೊಳಪು ಸ್ಕರ್ಟಿಂಗಿನಿಂದಲೇ ಶುರುವಾಗಿತ್ತು. ಹಾಗೆ ಶುರುವಾಗೋದು ಬಾಲ್ಕನಿ ಬಾಗಿಲಿನದು ಮಾತ್ರ, ಯಾಕೆಂದರೆ ಅದು ನೆಲವನ್ನು ಮುಟ್ಟುತ್ತದೆ. ಕಿಟಕಿಯ ವಿಷಯದಲ್ಲಿ ಮೊದಲು ಅದರ ಕೆಳಗಿನ 3 ಅಡಿ ಗೋಡೆ ನೆಲದಲ್ಲಿ ಕಾಣಬೇಕು. ಅದು ಮುಗಿದ ಮೇಲೆ, ನಮ್ಮ ಕಡೆಗೆ ಇನ್ನೂ ಹತ್ತಿರದಲ್ಲಿ, ಕಿಟಕಿಯ ಬೆಳಕು ಬರಬೇಕು. ಟೀಪಾಯಿಯ ಪ್ರತಿಬಿಂಬವೂ ಹಾಗೇ: ನೆಲ ನೋಡೋದು ಹಲಗೆಯ ಅಡಿಭಾಗವನ್ನು. ಚಿತ್ರವನ್ನು ತಿರುಗಿಸಿ ಅಂಟಿಸಿದರೆ ಮೇಲ್ಭಾಗ, ಅದರ ಮೇಲಿಟ್ಟ ಹೂದಾನಿ ಸಮೇತ ನೆಲದೊಳಗೆ ಬರುತ್ತದೆ. ಅದು ಆಗದ ಮಾತು.

ಅಂಟಿಸಿದ್ದನ್ನೆಲ್ಲ ಕಿತ್ತು, ಮೆಟೀರಿಯಲ್ ಸರಿ ಮಾಡಿದೆ. Metallic ಸೊನ್ನೆ, IOR 1.5, Roughness 0.08. ಹಿಂದೆ ಹೊಳಪಿಗಾಗಿ Metallic ಅನ್ನು 0.3 ಇಟ್ಟಿದ್ದೆ, ಅದರಿಂದ ಕಾಲ ಬುಡದ ಟೈಲ್ಸ್ ಕೂಡ ಕನ್ನಡಿ ಥರ ಆಗಿತ್ತು. ನಿಜವಾದ ಟೈಲ್ಸ್ ಹಾಗಲ್ಲ. ನೇರವಾಗಿ ಕೆಳಗೆ ನೋಡಿದರೆ ಬಿದ್ದ ಬೆಳಕಿನಲ್ಲಿ ಸುಮಾರು 4 ಶೇಕಡಾ ಮಾತ್ರ ವಾಪಸ್ ಬರುತ್ತದೆ. ಕ್ಯಾಮೆರಾ 4 ಅಡಿ ಎತ್ತರದಲ್ಲಿದ್ದರೆ 10 ಅಡಿ ದೂರದ ನೆಲದಲ್ಲಿ ಅದು 15 ಶೇಕಡಾ, 20 ಅಡಿ ದೂರದಲ್ಲಿ ಮೂರರಲ್ಲಿ ಒಂದು ಪಾಲು. ದೂರ ಹೋದಷ್ಟು ಹೊಳಪು ತಾನಾಗಿ ಏರಬೇಕು.

ಬೆಳಕಿಗೆಂದು ಫಾಲ್ಸ್ ಸೀಲಿಂಗನ್ನು ಮರೆಮಾಡಿದ್ದರಿಂದ ನೆಲದಲ್ಲಿ ಆಕಾಶದ ನೀಲಿ ಇತ್ತು. ಸೀಲಿಂಗ್ ವಾಪಸ್ ಇಟ್ಟಾಗ ಅದರ ಕೋವ್ ಲೈಟಿನ ಗೆರೆ ಬಂದು ನೀಲಿ ಹೋಯಿತು. ಇಷ್ಟಾದ ಮೇಲೂ ಸೋಫಾ ತೇಲಿದ ಹಾಗೆ ಕಾಣುತ್ತಿತ್ತು. ಅದರ ಕಾಲು ನೆಲದಿಂದ 5 ಮಿಲಿಮೀಟರ್ ಮೇಲಿತ್ತು. ಮ್ಯಾಟ್ ನೆಲದಲ್ಲಿ ಯಾರೂ ಗಮನಿಸೋದಿಲ್ಲ. ಹೊಳೆಯುವ ನೆಲದಲ್ಲಿ ಕಾಲು ಮತ್ತು ಅದರ ಪ್ರತಿಬಿಂಬದ ನಡುವೆ 10 ಮಿಲಿಮೀಟರ್ ಸಂದು ಬರುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಈಗ ಕಾಲುಗಳನ್ನು ಒಂದು ಕೂದಲೆಳೆಯಷ್ಟು ನೆಲದೊಳಗೆ ಇಳಿಸಿಬಿಡುತ್ತೇನೆ.

ಬೆಡ್‌ರೂಮಿನ ಹೊಸ ರೆಂಡರ್ ಜೊತೆ ಪೆನ್ಸಿಲ್ ಗೆರೆಯ ಪ್ಲಾನನ್ನೂ ಅಮ್ಮನಿಗೆ ಕಳಿಸಿದೆ. ಕನ್ನಡಿಯಲ್ಲಿ ಈಗ ಬಿಳಿ ಬಣ್ಣದ ಬಾತ್‌ರೂಮ್ ಬಾಗಿಲು ಕಾಣುತ್ತಿತ್ತು. ಅವರು ಒಂದು ದಿನ ಯೋಚಿಸಿದರು. ಕನ್ನಡಿ ಬೇಡ ಅನ್ನಲಿಲ್ಲ. ಮಗಳು ರೆಡಿಯಾಗೋಕೆ ಅದು ಬೇಕೇ ಬೇಕಿತ್ತು. "ಬಾತ್‌ರೂಮ್ ಬಾಗಿಲಿಗೂ ವಾರ್ಡ್‌ರೋಬಿನ ಲ್ಯಾಮಿನೇಟೇ ಹಾಕಿಬಿಡಿ. ಹೇಗೂ ದಿನಾ ಕನ್ನಡಿಯಲ್ಲಿ ನೋಡೋದು ಅದನ್ನೇ" ಅಂದರು. ಬಡಗಿಗೆ ಎರಡು ಶೀಟ್ ಜಾಸ್ತಿ ತರಿಸೋಕೆ ಹೇಳಿ, ಆ ಬಾಗಿಲಿಗೆ ಬಣ್ಣ ಬದಲಿಸಿ ಮತ್ತೊಂದು ರೆಂಡರ್ ತೆಗೆದೆ.