ಬಿದ್ದ ಶೇರು ಮೇಲೆದ್ದರೆ ನಂಬೋದು ಯಾವಾಗ?

2020ರ ಮಾರ್ಚ್ 13ರ ಶುಕ್ರವಾರ ನಿಫ್ಟಿ 8,555ಕ್ಕೆ ಕುಸಿದು ವಹಿವಾಟು ಮುಕ್ಕಾಲು ಗಂಟೆ ನಿಂತಿತ್ತು. ಅದೇ ಮಧ್ಯಾಹ್ನ 10,000 ದಾಟಿ, 9,955ಕ್ಕೆ ಮುಗಿಯಿತು. ಬೆಳಗಿನ ತಳದಿಂದ 1,400 ಅಂಶದ ಜಿಗಿತ! ನಮ್ಮ ಪಕ್ಕದ ಮನೆಯವರು ಆ ದಿನವೇ ಉಳಿತಾಯದ ಹಣವನ್ನೆಲ್ಲ ಹಾಕಿಬಿಟ್ಟರು. ಹತ್ತು ದಿನದಲ್ಲಿ, ಮಾರ್ಚ್ 23ಕ್ಕೆ, ನಿಫ್ಟಿ 7,610. ಹೆದರಿ ಎಲ್ಲ ಮಾರಿದರು. ಇದೇ ಡೆಡ್ ಕ್ಯಾಟ್ ಬೌನ್ಸ್. ಎತ್ತರದಿಂದ ಬಿದ್ದ ಸತ್ತ ಬೆಕ್ಕೂ ಒಮ್ಮೆ ಪುಟಿಯುತ್ತದೆ ಅನ್ನೋ ಮಾತಿನಿಂದ ಬಂದ ಹೆಸರು. ಅದೇ ತಿಂಗಳ ಕೊನೆಗೆ ನಿಜವಾದ ಚೇತರಿಕೆಯೂ ಶುರುವಾಯಿತು. ಎರಡನ್ನೂ ಬೇರೆ ಮಾಡಿ ನೋಡುವುದು ಹೀಗೆ.

1. ಗೆರೆ ಎಳೆಯಿರಿ. ದಿನದ ಚಾರ್ಟ್ ತೆರೆದು, ಕುಸಿತದ ತಳಕ್ಕೊಂದು, ಮೊದಲ ಜಿಗಿತದ ತುದಿಗೊಂದು ಅಡ್ಡಗೆರೆ ಹಾಕಿ. ಐದು ನಿಮಿಷದ ಚಾರ್ಟ್ ಬೇಡವೇ ಬೇಡ.

2. ಮೊದಲ ಜಿಗಿತದಲ್ಲಿ ಕೊಳ್ಳಬೇಡಿ. ಆಗ ಕೊಳ್ಳುವವರಲ್ಲಿ ಎಷ್ಟೋ ಜನ ಮೊದಲೇ ಶಾರ್ಟ್ ಮಾಡಿದವರು, ಅಂದರೆ ಬೆಲೆ ಬೀಳುತ್ತದೆ ಅಂತ ಕೈಯಲ್ಲಿಲ್ಲದ ಶೇರು ಮಾರಿದವರು. ಲಾಭ ಎತ್ತಿಕೊಳ್ಳಲು ಅವರು ವಾಪಸ್ ಕೊಳ್ಳಲೇಬೇಕು. ಅವರ ಕೆಲಸ ಮುಗಿದ ಮೇಲೂ ಕೊಳ್ಳುವವರು ಇದ್ದಾರಾ ಅನ್ನೋದೇ ಪ್ರಶ್ನೆ.

3. ವಾಲ್ಯೂಮ್ ನೋಡಿ, ಆದರೆ ಒಂದು ದಿನದ್ದಲ್ಲ. ಭಯದ ದಿನಗಳಲ್ಲಿ ಎರಡೂ ಕಡೆ ವಾಲ್ಯೂಮ್ ದೊಡ್ಡದೇ ಇರುತ್ತದೆ. ಅದಕ್ಕೇ ಸರಾಸರಿ ಹೋಲಿಸಿ. ಒಂದು ಶೇರು ಬೀಳುವಾಗ ದಿನಕ್ಕೆ ಸರಾಸರಿ 40 ಲಕ್ಷ ಶೇರು ಕೈಬದಲಾಯಿತು ಅಂದುಕೊಳ್ಳಿ. ಏರುವಾಗ ಅದು 32, 25, 18 ಲಕ್ಷ ಅಂತ ಇಳಿಯುತ್ತಾ ಬಂದರೆ ಅನುಮಾನಪಡಿ. ಬೆಲೆ ಏರುತ್ತಿದೆ, ಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ. ಎನ್‌ಎಸ್‌ಇ ತಾಣದಲ್ಲಿ ಡೆಲಿವರಿ ಪ್ರಮಾಣವೂ ಸಿಗುತ್ತದೆ, ಅದನ್ನೂ ನೋಡಿ. ಅದೇ ದಿನ ಕೊಂಡು ಮಾರಿದ್ದು ಎಷ್ಟು, ಮನೆಗೆ ಒಯ್ದದ್ದು ಎಷ್ಟು ಅಂತ ಗೊತ್ತಾಗುತ್ತದೆ.

ಇಲ್ಲೊಂದು ಗುಂಡಿ ಇದೆ. ಅದೇ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಶೇರು 6 ರೂಪಾಯಿಗಿಂತ ಕೆಳಗೆ ಇಳಿದು, ಎರಡು ವಾರದೊಳಗೆ 80 ದಾಟಿತು. ಆದರೆ 100ಕ್ಕಿಂತ ಜಾಸ್ತಿ ಶೇರು ಇದ್ದವರ ಪಾಲಿನ 75%ಕ್ಕೆ ಮೂರು ವರ್ಷ ಬೀಗ ಬಿದ್ದಿತ್ತು. ಮಾರಲು ಶೇರೇ ಇಲ್ಲದಿದ್ದಾಗ ಬೆಲೆಯೂ ವಾಲ್ಯೂಮೂ ಏನನ್ನೂ ಹೇಳುವುದಿಲ್ಲ. ಜುಲೈಯಲ್ಲಿ ಬ್ಯಾಂಕೇ ಹೊಸ ಶೇರುಗಳನ್ನು 12 ರೂಪಾಯಿಗೆ ಮಾರಿತು.

4. ಎರಡನೇ ಇಳಿತಕ್ಕೆ ಕಾಯಿರಿ. ಎಲ್ಲರೂ ಎಡವುವುದು ಇಲ್ಲೇ. ಜಿಗಿತ ಮುಗಿದು ಬೆಲೆ ಮತ್ತೆ ಇಳಿಯುತ್ತದೆ. ಆಗ ಕೈಕಟ್ಟಿ ಕೂತು ನೋಡಬೇಕಾದದ್ದು ಒಂದೇ: ಹಳೆಯ ತಳ ಉಳಿಯಿತಾ?

ಮಾರ್ಚ್ 13ರ 8,555ರ ತಳ ಉಳಿಯಲಿಲ್ಲ. 18ಕ್ಕೇ ನಿಫ್ಟಿ ಅದರ ಕೆಳಗೆ ಮುಗಿಯಿತು. 20ರಂದು ಮತ್ತೆ ಜಿಗಿದು 8,745 ಆಯಿತು, ಮುಂದಿನ ಸೋಮವಾರವೇ 7,610. ಎರಡೂ ಬೆಕ್ಕಿನ ಪುಟಿತವೇ.

ಈಗ ಮೂರನೆಯದು ನೋಡಿ. ಮಾರ್ಚ್ 24ರ ತಳ 7,511. ಅಲ್ಲಿಂದ 27ರ ತುದಿ 9,038. ಮತ್ತೆ ಇಳಿಯಿತು. ಏಪ್ರಿಲ್ 3ರಂದು 8,055 ಮುಟ್ಟಿತು, ಆದರೆ 7,511ರ ಹತ್ತಿರಕ್ಕೂ ಹೋಗಲಿಲ್ಲ. ಮಾರುವವರು ಇನ್ನೂ ಇದ್ದರು, ಆದರೆ ಹಳೆಯ ತಳದ ತನಕ ಬೆಲೆ ತಳ್ಳಲು ಅವರಿಂದ ಆಗಲಿಲ್ಲ. ಏರಿದ ತಳ ಅಂದರೆ ಇದೇ. ಈ ಎರಡನೇ ಇಳಿತದಲ್ಲಿ ವಾಲ್ಯೂಮ್ ಕುಸಿತದ ದಿನಗಳಿಗಿಂತ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ತಳ ಉಳಿದರೂ ನಾನಂತೂ ಮುಟ್ಟುವುದಿಲ್ಲ.

5. ಜಿಗಿತದ ತುದಿ ದಾಟಲಿ. ದಿನದ ಕೊನೆಯ ಬೆಲೆ ಆ ಗೆರೆಯ ಮೇಲಿರಬೇಕು, ಮಧ್ಯದಲ್ಲಿ ಇಣುಕಿ ಬಂದರೆ ಸಾಲದು. ಏಪ್ರಿಲ್ 9ರಂದು ನಿಫ್ಟಿ 9,111ಕ್ಕೆ ಮುಗಿದು 9,038ನ್ನು ದಾಟಿತು. ತಳ ಏರಿತು, ತುದಿಯೂ ಏರಿತು. ಇಲ್ಲಿ ಕೊಳ್ಳಬಹುದು. ಸ್ಟಾಪ್‌ಲಾಸ್, ಅಂದರೆ ಬೆಲೆ ಅಲ್ಲಿಗೆ ಇಳಿದರೆ ಮಾರಿ ಹೊರಬರುವ ಗೆರೆ, 8,055ರ ಕೆಳಗೆ. ಅಷ್ಟು ದೂರದ ಸ್ಟಾಪ್‌ಲಾಸ್ ನಿಮಗೆ ತಡೆಯದಿದ್ದರೆ ಹಾಕುವ ಹಣ ಕಡಿಮೆ ಮಾಡಿ, ಸ್ಟಾಪ್‌ಲಾಸ್ ಹತ್ತಿರ ತರಬೇಡಿ. ಮೇ 18ರಂದು ನಿಫ್ಟಿ 8,806ಕ್ಕೆ ಇಳಿದಾಗ ಹತ್ತಿರ ಇಟ್ಟವರೆಲ್ಲ ಹೊರಬಿದ್ದರು. 8,055 ಮುರಿದಿರಲೇ ಇಲ್ಲ ಅಲ್ವಾ? ನವೆಂಬರ್‌ಗೆ ನಿಫ್ಟಿ ಜನವರಿಯ ಹಳೆಯ ಎತ್ತರವನ್ನೇ ದಾಟಿತು.

‘ತಳ ಹಿಡಿಯುವ’ ಇಂಡಿಕೇಟರ್ ಅಂತ ತಿಂಗಳ ಬಾಡಿಗೆಗೆ ಮಾರುತ್ತಾರಲ್ಲ, ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಪ್ರತಿ ಜಿಗಿತಕ್ಕೂ ಹಸಿರು ಬಾಣ ತೋರಿಸುವ ಉಪಕರಣ ನಿಮ್ಮನ್ನು ಮಾರ್ಚ್ 13ಕ್ಕೂ ಕೊಳ್ಳಿಸುತ್ತದೆ, 20ಕ್ಕೂ ಕೊಳ್ಳಿಸುತ್ತದೆ.

ಕಾಯುವುದಕ್ಕೂ ಬೆಲೆ ಇದೆ. ಏಪ್ರಿಲ್ 9ಕ್ಕೆ ಕೊಂಡವರು ತಳದಿಂದ 1,600 ಅಂಶ ಬಿಟ್ಟುಕೊಟ್ಟಿದ್ದರು. ಕೆಲವು ಸಲ ಎರಡನೇ ಇಳಿತ ಬರುವುದೇ ಇಲ್ಲ, ಬೆಲೆ ನೇರವಾಗಿ ಹೋಗಿಬಿಡುತ್ತದೆ. ಅಂಥದ್ದನ್ನು ನಾನು ಬಿಟ್ಟುಬಿಡುತ್ತೇನೆ.