ಮೊದಲು ಕಿವಿಗೆ ಬಿದ್ದದ್ದಕ್ಕೇ ಟಿಕ್ ಹಾಕಬೇಡಿ

ಹೋದ ವಾರ ನಮ್ಮ ಅತ್ತಿಗೆ ಫೋನ್ ಮಾಡಿದ್ದರು. ‘ಭಾನುವಾರ ಹನ್ನೊಂದಕ್ಕೆ ಬರ್ತೀವಿ ಕಣೋ. ಅಯ್ಯೋ ಅಲ್ಲ, ಇವರಿಗೆ ಅವತ್ತು ಮಲ್ಲೇಶ್ವರದಲ್ಲಿ ಮದುವೆ ಇದೆ. ಊಟ ಮುಗಿಸಿ ಮೆಟ್ರೋ ಹತ್ತಿದ್ರೆ ಮೂರಾಗುತ್ತೆ. ಮೂರು ಅಂತಾನೇ ಇಟ್ಕೋ.’ ನಾನು ಹನ್ನೊಂದಕ್ಕೆ ಉಪ್ಪಿಟ್ಟು ಮಾಡಿಟ್ಟು ಕಾಯಲಿಲ್ಲ. ಯಾರೂ ಕಾಯುವುದಿಲ್ಲ.

ಇದೇ ಮಾತು ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ, ಹೆಡ್‌ಫೋನಿನಲ್ಲಿ, ಇಂಗ್ಲಿಷಿನಲ್ಲಿ ಬರಲಿ. ‘ಹನ್ನೊಂದು’ ಅಂತ ಕೇಳಿಸಿದ ಕೂಡಲೇ ಟಿಕ್ ಬಿದ್ದಿರುತ್ತದೆ. ವಿಜಯನಗರದಲ್ಲಿ ಒಂದು ಬೇಕರಿಯ ಮೇಲಿನ ರೂಮಿನಲ್ಲಿ ಶನಿವಾರ, ಭಾನುವಾರ ಲಿಸನಿಂಗ್ ಪಾಠ ಮಾಡುತ್ತೇನೆ. ಬರುವವರಲ್ಲಿ ನರ್ಸ್‌ಗಳೇ ಜಾಸ್ತಿ. ಬ್ರಿಟನ್ನಿನಲ್ಲಿ ನರ್ಸ್ ಆಗಲು ಲಿಸನಿಂಗ್‌ನಲ್ಲಿ 7 ಬೇಕು, ಅಂದರೆ 40 ಪ್ರಶ್ನೆಗಳಲ್ಲಿ ಸುಮಾರು 30 ಸರಿ ಆಗಬೇಕು. ಖಾಲಿ ಜಾಗ ತುಂಬುವ ಪ್ರಶ್ನೆಗಳನ್ನು ಇವರು ಚೆನ್ನಾಗಿಯೇ ಮಾಡುತ್ತಾರೆ. ಎ, ಬಿ, ಸಿ ಆಯ್ಕೆ ಇರುವ ಕಡೆ ಬಂದು ಎಡವುತ್ತಾರೆ. ತಪ್ಪಾದ ಉತ್ತರ ಯಾವುದು ಅಂತ ನೋಡಿದರೆ, ಬಹಳ ಸಲ ಅದು ಆಡಿಯೋದಲ್ಲಿ ಸ್ಪಷ್ಟವಾಗಿ ಕೇಳಿಸಿದ ಪದವೇ ಆಗಿರುತ್ತದೆ.

ಕೇಳಿಸಿದ್ದು ತಪ್ಪಲ್ಲ. ಹೇಳಿದವರು ಆಮೇಲೆ ಮಾತು ಬದಲಿಸಿದ್ದು ತಿಳಿಯಲಿಲ್ಲ, ಅಷ್ಟೇ. ಪ್ರಶ್ನೆ ಬರೆಯುವವರು ಬೇಕೆಂದೇ ಹೀಗೆ ಇಟ್ಟಿರುತ್ತಾರೆ. ಮೂರೂ ಆಯ್ಕೆಗಳ ಸುಳಿವು ಆಡಿಯೋದಲ್ಲಿ ಬರಬೇಕು, ಇಲ್ಲದಿದ್ದರೆ ಕೇಳಿಸಿದ ಒಂದನ್ನು ಆರಿಸಿದರೆ ಸಾಕಲ್ವಾ?

ಹೆಜ್ಜೆ 1: ಪ್ರಶ್ನೆ ಓದಿ

ಆಡಿಯೋ ಶುರುವಾಗುವ ಮೊದಲು ಓದಲು ಸ್ವಲ್ಪ ಸಮಯ ಕೊಡುತ್ತಾರೆ. ಆಗ ಆಯ್ಕೆಗಳಿಗೆ ಗೆರೆ ಎಳೆಯುತ್ತಾ ಕೂರಬೇಡಿ. ಆಯ್ಕೆಯ ಪದಕ್ಕೆ ಗೆರೆ ಎಳೆದರೆ ಕಿವಿ ಆ ಪದವನ್ನೇ ಹುಡುಕುತ್ತದೆ, ಸಿಕ್ಕಿದ್ದೇ ತಡ ಖುಷಿಯಾಗಿಬಿಡುತ್ತದೆ. ಗೆರೆ ಎಳೆಯಬೇಕಾದ್ದು ಪ್ರಶ್ನೆಗೆ. ಅದರಲ್ಲೂ ಸಮಯ ಹೇಳುವ ಪದಗಳಿಗೆ. ‘ಕೊನೆಗೆ ಏನು ನಿರ್ಧರಿಸಿದರು’ ಅಂತ ಕೇಳಿದ್ದಾರಾ, ‘ಮೊದಲು ಏನು ಅಂದುಕೊಂಡಿದ್ದಳು’ ಅಂತ ಕೇಳಿದ್ದಾರಾ? ಎರಡನೆಯದಾದರೆ ಅವಳು ಆಮೇಲೆ ಬಿಟ್ಟುಕೊಟ್ಟ ವಿಚಾರವೇ ಸರಿಯುತ್ತರ. ‘ಇಬ್ಬರೂ ಒಪ್ಪಿದ್ದು’ ಅಂತಿದ್ದರೆ ಒಬ್ಬರ ಮಾತು ಸಾಲದು.

ಹೆಜ್ಜೆ 2: ಆಯ್ಕೆಗಳಿಗೆ ಅಡ್ಡಹೆಸರಿಡಿ

ಉದ್ದದ ಆಯ್ಕೆಯನ್ನು ಒಂದೇ ಪದಕ್ಕೆ ಇಳಿಸಿ, ಬೇಕಿದ್ದರೆ ಕನ್ನಡದಲ್ಲೇ. ದುಡ್ಡು, ದೂರ, ಹೊತ್ತು. ಇಷ್ಟು ಸಾಕು.

ಹೆಜ್ಜೆ 3: ಕೇಳಿ, ಆದರೆ ಬಾಗಿಲು ಮುಚ್ಚಬೇಡಿ

ಕೆಲಸ ಕೆಡುವುದು ಇಲ್ಲೇ. ಕನ್ನಡದಲ್ಲಿ ನಾವು ಮಾತು ತಿದ್ದಿಕೊಂಡರೆ ಜೋರಾಗಿ ಹೇಳುತ್ತೇವೆ: ‘ಅಲ್ಲ ಅಲ್ಲ’, ‘ಅಯ್ಯೋ’, ‘ತಡಿ ತಡಿ’. ಅದಕ್ಕೇ ನಮ್ಮ ಕಿವಿ ಇಂಗ್ಲಿಷಿನಲ್ಲೂ ಒಂದು ‘ನೋ’ಗಾಗಿ ಕಾಯುತ್ತದೆ. ಪರೀಕ್ಷೆಯ ಮೊದಲ ಭಾಗದಲ್ಲಿ ಅದು ಸಿಗಲೂಬಹುದು. ಫೋನ್ ನಂಬರ್ ಹೇಳುವವನು ‘ಸಾರಿ, ಐ ಮೀನ್’ ಅಂದು ತಿದ್ದಿಕೊಳ್ಳುತ್ತಾನೆ. ಮೂರನೇ ಭಾಗದಲ್ಲಿ, ವಿದ್ಯಾರ್ಥಿಗಳು ಪ್ರಾಜೆಕ್ಟ್ ಬಗ್ಗೆ ಮಾತಾಡುವ ಕಡೆ, ‘ನೋ’ ಬರುವುದು ಕಡಿಮೆ. ಅಲ್ಲಿ ತಿದ್ದುಪಡಿ ಮೆತ್ತಗೆ ಬರುತ್ತದೆ.

ಒಂದು, ಕ್ರಿಯಾಪದದಲ್ಲೇ ಬಂದುಬಿಡುತ್ತದೆ. ‘ಐ ವಾಸ್ ಗೋಯಿಂಗ್ ಟು’ ಅಂದರೆ ‘ಮಾಡೋಣ ಅಂತಿದ್ದೆ’. ‘ಅಂತಿದ್ದೆ’ ಅಂದಮೇಲೆ ಮಾಡಲಿಲ್ಲ ಅಂತ ನಮಗೆ ಕನ್ನಡದಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ. ‘ವಿ ಹ್ಯಾಡ್ ಪ್ಲಾನ್ಡ್’, ‘ಒರಿಜಿನಲಿ’, ‘ಯೂಸ್ಡ್ ಟು’, ‘ಐ ಡಿಡ್ ಥಿಂಕ್ ಅಬೌಟ್’ ಇವೂ ಅದೇ ಜಾತಿ. ಆ ‘ವಾಸ್’, ಆ ‘ಡಿಡ್’ ಮೇಲೆ ದನಿ ಸ್ವಲ್ಪ ಒತ್ತಿ ಬಂದರೆ ಮಾತು ತಿರುಗುವುದು ಹೆಚ್ಚುಕಡಿಮೆ ಖಾತ್ರಿ.

ಇನ್ನೊಂದು, ಹೊಗಳಿ ಬಿಡುವುದು. ಮೊದಲು ‘ಅದು ಅಗ್ಗ, ನಿಜ’ ಅನ್ನುತ್ತಾರೆ, ಒಂದು ಉಸಿರು ಬಿಡುತ್ತಾರೆ, ಆಮೇಲೆ ‘ದೋ’, ‘ಮೈಂಡ್ ಯು’ ಅಥವಾ ‘ಹ್ಯಾವಿಂಗ್ ಸೆಡ್ ದಟ್’ ಬರುತ್ತದೆ. ಹೊಗಳಿಕೆ ಕೇಳಿದ ನಮ್ಮ ಹುಡುಗಿ ಅಷ್ಟರಲ್ಲಿ ಟಿಕ್ ಹಾಕಿ ಮುಂದಿನ ಪ್ರಶ್ನೆ ಓದುತ್ತಿರುತ್ತಾಳೆ.

ಒಂದು ಉದಾಹರಣೆ ನೋಡೋಣ. ತರಗತಿಗೆಂದು ನಾನೇ ಬರೆದದ್ದು. ಆಡಿಯೋ ಇಂಗ್ಲಿಷಿನಲ್ಲಿದೆ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಕ್ಯಾಂಟೀನಿನಲ್ಲಿ ಎಷ್ಟು ಊಟ ದಂಡವಾಗುತ್ತದೆ ಅಂತ ಪ್ರಾಜೆಕ್ಟ್ ಮಾಡುತ್ತಿದ್ದಾರೆ. ಪ್ರಶ್ನೆ: ಮಾಹಿತಿ ಸೇರಿಸಲು ಅವರು ಯಾವ ದಾರಿ ಹಿಡಿಯುತ್ತಾರೆ? ಎ: ಆನ್‌ಲೈನ್ ಪ್ರಶ್ನಾವಳಿ. ಬಿ: ಸಂದರ್ಶನ. ಸಿ: ಕಣ್ಣಾರೆ ಗಮನಿಸುವುದು.

ಹುಡುಗಿ: ನಾನು ಎಲ್ಲರಿಗೂ ಒಂದು ಪ್ರಶ್ನಾವಳಿ ಕಳಿಸೋಣ ಅಂತಿದ್ದೆ. ಇಮೇಲ್ ಎಲ್ಲ ಇದೆ.

ಹುಡುಗ: ಬೇಗ ಆಗುತ್ತೆ, ನಿಜ. ಹೋದ ಟರ್ಮ್‌ನಲ್ಲಿ ನಾನು 60 ಕಳಿಸಿದ್ದೆ. ಏಳು ವಾಪಸ್ ಬಂತು.

ಹುಡುಗಿ: ಓ. ಹಾಗಾದರೆ ಕೂರಿಸಿ ಮಾತಾಡಿಸೋಣ. ವಿವರವಾಗಿ ಹೇಳ್ತಾರೆ.

ಹುಡುಗ: ವಿವರ ಸಿಗುತ್ತೆ. ಕೇಳಿದರೆ ಮಾತ್ರ ಎಲ್ಲರೂ ತಟ್ಟೆ ಖಾಲಿ ಮಾಡ್ತೀವಿ ಅಂತಾನೇ ಅನ್ನೋದು. ತಟ್ಟೆ ವಾಪಸ್ ಇಡೋ ಕಡೆ ನಿಂತು, ಏನೇನು ಉಳಿದಿದೆ ಅಂತ ಬರೆದುಕೊಂಡರೆ?

ಹುಡುಗಿ: ಮಧ್ಯಾಹ್ನ ಪೂರ್ತಿ ನಿಲ್ಲೋದಾ? ಹ್ಮ್... ಎರಡೇ ದಿನ ಅಂದ್ರೆ, ಸರಿ. ಆಮೇಲೆ ರಿಪೋರ್ಟ್ ಎಷ್ಟು ಉದ್ದ ಇರಬೇಕಂತೆ?

ತರಗತಿಯಲ್ಲಿ ಇದನ್ನು ಹಾಕಿದರೆ ಎ ಹಾಕುವವರು ಕೆಲವರು ಇದ್ದೇ ಇರುತ್ತಾರೆ, ಬಿ ಹಾಕುವವರು ಅದಕ್ಕಿಂತ ಜಾಸ್ತಿ. ಎ ಹಾಕಿದವರಿಗೆ ‘ಅಂತಿದ್ದೆ’ ಕೇಳಿಸಲಿಲ್ಲ, ‘ಪ್ರಶ್ನಾವಳಿ’ ಮಾತ್ರ ಕೇಳಿಸಿತು. ಬಿ ಹಾಕಿದವರು ಇನ್ನೂ ಪಾಪ. ಎ ಬಿದ್ದುಹೋದದ್ದನ್ನು ಅವರು ಸರಿಯಾಗಿ ಹಿಡಿದರು. ಒಂದು ಬಲೆ ದಾಟಿದೆವು ಅನ್ನುವ ಸಮಾಧಾನದಲ್ಲಿ ಎರಡನೆಯದಕ್ಕೆ ಕಾಲಿಟ್ಟರು.

ಇಲ್ಲಿ ಮೂರು ವಿಷಯ ಗಮನಿಸಿ. ‘ಏಳು ವಾಪಸ್ ಬಂತು’ ಅನ್ನುವುದೇ ನಿರಾಕರಣೆ. ಎಲ್ಲೂ ‘ಬೇಡ’ ಅಂದಿಲ್ಲ. ಎರಡನೆಯದು, ‘ಬೇಗ ಆಗುತ್ತೆ’, ‘ವಿವರ ಸಿಗುತ್ತೆ’ ಎರಡೂ ನಿಜ, ಆದರೆ ಅವು ಗುಣ ಅಷ್ಟೇ, ತೀರ್ಮಾನವಲ್ಲ. ಮೂರನೆಯದು, ಸರಿಯುತ್ತರದಲ್ಲಿರುವ ‘ಗಮನಿಸುವುದು’ ಅನ್ನುವ ಪದವನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ನಿಂತು ಬರೆದುಕೊಳ್ಳುವುದು ಅಂದರು. ತಪ್ಪು ಆಯ್ಕೆಯ ಪದ ಹಾಗ್‌ಹಾಗೇ ಬರುವುದು, ಸರಿಯಾದದ್ದು ಬೇರೆ ವೇಷದಲ್ಲಿ ಬರುವುದು ಈ ಪರೀಕ್ಷೆಯಲ್ಲಿ ತುಂಬಾ ಮಾಮೂಲು. ಯಾವುದಾದರೂ ಪದ ಆಯ್ಕೆಯಲ್ಲಿರುವಂತೆಯೇ ಕಿವಿಗೆ ಬಿದ್ದರೆ ನಾನಂತೂ ಮೊದಲು ಅನುಮಾನಪಡುತ್ತೇನೆ.

ಬಾಗಿಲು ಮುಚ್ಚುವುದು ಯಾವಾಗ ಹಾಗಾದರೆ? ಮಾತು ಮುಂದಿನ ಪ್ರಶ್ನೆಯ ವಿಷಯಕ್ಕೆ ದಾಟಿದಾಗ. ಪ್ರಶ್ನೆಗಳು ಆಡಿಯೋ ಹೋಗುವ ಕ್ರಮದಲ್ಲೇ ಇರುತ್ತವೆ. ‘ರಿಪೋರ್ಟ್ ಎಷ್ಟು ಉದ್ದ’ ಅಂದ ಕ್ಷಣ ಹಿಂದಿನದು ಮುಗಿಯಿತು. ಅದಕ್ಕೇ ಪ್ರತಿ ಸಲ ಎರಡು ಪ್ರಶ್ನೆಗಳ ಮೇಲೆ ಕಣ್ಣಿಡಿ: ಈಗಿನದು ಮತ್ತು ಮುಂದಿನದು. ಮುಂದಿನದರ ವಿಷಯ ಗೊತ್ತಿಲ್ಲದಿದ್ದರೆ ಈಗಿನದು ಎಲ್ಲಿ ಮುಗಿಯಿತು ಅಂತ ತಿಳಿಯುವ ದಾರಿಯೇ ಇಲ್ಲ.

ಹೆಜ್ಜೆ 4: ಚುಕ್ಕಿ, ಅಡ್ಡಗೆರೆ, ಕೊನೆಗೆ ಟಿಕ್

ಆಯ್ಕೆಯ ಸುದ್ದಿ ಬಂದರೆ ಪಕ್ಕದಲ್ಲಿ ಒಂದು ಚುಕ್ಕಿ ಇಡಿ. ಅದನ್ನು ಕೈಬಿಟ್ಟರೆ ಚುಕ್ಕಿಯ ಮೇಲೆ ಅಡ್ಡಗೆರೆ. ವಿಷಯ ದಾಟಿದ ಮೇಲೆ ಟಿಕ್. ಮೇಲಿನ ಉದಾಹರಣೆಯಲ್ಲಿ ಎ ಪಕ್ಕ ಚುಕ್ಕಿ ಮತ್ತು ಗೆರೆ, ಬಿ ಪಕ್ಕ ಚುಕ್ಕಿ ಮತ್ತು ಗೆರೆ, ಸಿ ಪಕ್ಕ ಬರೀ ಚುಕ್ಕಿ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವವರು ಇದನ್ನೇ ಪಕ್ಕದ ಹಾಳೆಯಲ್ಲಿ ಎ ಬಿ ಸಿ ಅಂತ ಬರೆದುಕೊಂಡು ಮಾಡಬಹುದು. ಕ್ಲಿಕ್ ಮಾಡಿ ಆಮೇಲೆ ಬದಲಿಸಬಹುದಲ್ಲ ಅನ್ನುತ್ತಾರೆ. ಬದಲಿಸಬಹುದು, ಬದಲಿಸುವುದಿಲ್ಲ. ಒಮ್ಮೆ ಕ್ಲಿಕ್ ಮಾಡಿದರೆ ಮನಸ್ಸು ಅದಕ್ಕೇ ಸಾಕ್ಷಿ ಹುಡುಕಲು ಶುರುಮಾಡುತ್ತದೆ.

ಕೊನೆಗೆ ಸಮಯ ಸಿಗುತ್ತದಲ್ಲ, ಆಗ ಸರಿಮಾಡೋಣ ಅಂತಲೂ ಇಟ್ಟುಕೊಳ್ಳಬೇಡಿ. ಆಡಿಯೋ ಒಂದೇ ಸಲ. ಕಾಗದದ ಪರೀಕ್ಷೆಯಲ್ಲಿ ಉತ್ತರ ಇಳಿಸಲು 10 ನಿಮಿಷ, ಕಂಪ್ಯೂಟರಿನಲ್ಲಿ ನೋಡಿಕೊಳ್ಳಲು 2 ನಿಮಿಷ. ಆಗ ನಿಮ್ಮ ಮುಂದೆ ಇರುವುದು ಚುಕ್ಕಿಗಳು ಮಾತ್ರ. ಚುಕ್ಕಿ ಇಟ್ಟಿದ್ದರೆ.

ಅತಿಬುದ್ಧಿಯ ಕಾಯಿಲೆ

ಇಷ್ಟು ಹೇಳಿಕೊಟ್ಟ ಮುಂದಿನ ವಾರ ಇನ್ನೊಂದು ಕಾಯಿಲೆ ಶುರುವಾಗುತ್ತದೆ. ಮೊದಲು ಬಂದದ್ದನ್ನೆಲ್ಲ ಸುಮ್ನೆ ಹೊಡೆದುಹಾಕುತ್ತಾರೆ. ‘ಮೊದಲನೆಯದು ಯಾವಾಗಲೂ ತಪ್ಪು, ಕೊನೆಯದು ಸರಿ’ ಅಂತ ಯೂಟ್ಯೂಬಿನಲ್ಲಿ ಹೇಳುವವರೂ ಇದ್ದಾರೆ. ಹಾಗೇನಿಲ್ಲ. ಎರಡನೇ ಭಾಗದಲ್ಲಿ ಗೈಡ್ ಒಬ್ಬ ಹೀಗೆ ಹೇಳಬಹುದು: ‘ನಮ್ಮ ನಡಿಗೆ ಚರ್ಚಿನಿಂದ ಶುರುವಾಗುತ್ತೆ. ಈ ವರ್ಷ ಸೇತುವೆಯಿಂದ ಶುರು ಮಾಡೋಣ ಅಂತ ಯೋಚನೆಯೇನೋ ಇತ್ತು, ಅಲ್ಲಿ ಪಾರ್ಕಿಂಗ್ ಸಿಗಲ್ಲ ಅಂತ ಗೊತ್ತಾಯ್ತು.’ ಉತ್ತರ ಚರ್ಚೇ. ಸೇತುವೆ ನಡುವೆ ಬಂದು ಹೋಯಿತು, ಹೋಗುವಾಗ ಮೊದಲಿನದನ್ನು ಎಳೆದುಕೊಂಡು ಹೋಗಲಿಲ್ಲ. ಅಡ್ಡಗೆರೆ ಎಳೆಯಬೇಕಾದ್ದು ಕೈಬಿಟ್ಟ ಮಾತು ಕೇಳಿಸಿದಾಗ, ಹೊಸ ಹೆಸರು ಕೇಳಿಸಿದಾಗ ಅಲ್ಲ.

ಹೆಜ್ಜೆ 5: ಮನೆಯಲ್ಲಿ ಅಭ್ಯಾಸ

ಫುಟ್‌ಪಾತಿನಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಅಗ್ಗದ ಪ್ರಾಕ್ಟೀಸ್ ಕಟ್ಟುಗಳನ್ನು ಕೊಳ್ಳಬೇಡಿ. ನಾನು ನೋಡಿದ ಒಂದರಲ್ಲಿ ಒಂದು ಪ್ರಶ್ನೆಯಲ್ಲೂ ಯಾರೂ ಮಾತು ಬದಲಿಸುವುದಿಲ್ಲ. ಕೇಳಿಸಿದ ಪದವೇ ಉತ್ತರ. ಅದರಲ್ಲಿ 38 ತೆಗೆದ ಹುಡುಗ ನಿಜವಾದ ಪರೀಕ್ಷೆಯಲ್ಲಿ 26ಕ್ಕೆ ಬಂದು ನಿಂತ. ಪರೀಕ್ಷೆ ನಡೆಸುವವರೇ ಹೊರತಂದಿರುವ ಪ್ರಶ್ನೆಪತ್ರಿಕೆಗಳು ಸಾಕು, ಯಾಕೆಂದರೆ ಅವುಗಳಲ್ಲಿ ಆಡಿಯೋದ ಪೂರ್ತಿ ಮಾತು ಅಚ್ಚಾಗಿರುತ್ತದೆ. ನಮಗೆ ಬೇಕಾದ್ದು ಅದೇ.

ಒಂದು ಪತ್ರಿಕೆ ಮಾಡಿ, ಉತ್ತರ ನೋಡಿ, ಮುಂದಿನದಕ್ಕೆ ಓಡಬೇಡಿ. ತಪ್ಪಾದ ಪ್ರಶ್ನೆಯ ಜಾಗಕ್ಕೆ ಹೋಗಿ. ನೀವು ಆರಿಸಿದ ಆಯ್ಕೆ ಯಾವ ಸಾಲಿನಲ್ಲಿ ಬಂತು, ಅಲ್ಲಿಗೆ ಒಂದು ಬಣ್ಣ ಬಳಿಯಿರಿ. ಅದು ಯಾವ ಸಾಲಿನಲ್ಲಿ ಬಿದ್ದುಹೋಯಿತು, ಅಲ್ಲಿಗೆ ಇನ್ನೊಂದು ಬಣ್ಣ. ಆಮೇಲೆ ಆ ಎರಡು ಸಾಲುಗಳನ್ನು ಕಣ್ಣುಮುಚ್ಚಿ ನಾಲ್ಕೈದು ಸಲ ಕೇಳಿ, ದನಿ ಎಲ್ಲಿ ತಗ್ಗುತ್ತದೆ, ಎಲ್ಲಿ ಎಳೆಯುತ್ತದೆ ಅಂತ. ದಿನಕ್ಕೆ ಐದು ಪ್ರಶ್ನೆ ಹೀಗೆ ಮಾಡಿದರೆ ಸಾಕು.

ನಮ್ಮ ತರಗತಿಯ ನರ್ಸ್ ಒಬ್ಬರು ಈ ಎರಡನೇ ಬಣ್ಣದ ಸಾಲುಗಳನ್ನೆಲ್ಲ ಒಂದು ಹಳೇ ಡೈರಿಯಲ್ಲಿ ಇಳಿಸಿಕೊಳ್ಳುತ್ತಾ ಹೋದರು. ಒಂದು ತಿಂಗಳಿಗೆ ಮೂರು ಪುಟ ಆಯಿತು. ಆ ಮೂರು ಪುಟದಲ್ಲಿ ‘ನೋ’ ಇದ್ದದ್ದು ಎರಡೇ ಕಡೆ.