ವಿದೇಶಕ್ಕೆ ಹೋದಾಗ ಒಟಿಪಿ ಕೈಕೊಟ್ಟರೆ…

ಹೋಟೆಲ್ ಕೋಣೆ ಸೇರಿ, ಅಲ್ಲಿನ ವೈ-ಫೈ ಹಿಡಿದು ಇಮೇಲ್ ತೆರೆಯಲು ಹೋಗುತ್ತೀರಿ. ‘ನಿಮ್ಮ ಮೊಬೈಲ್‌ಗೆ ಕೋಡ್ ಕಳುಹಿಸಿದ್ದೇವೆ’ ಎನ್ನುತ್ತದೆ ಪರದೆ. ಕೋಡ್ ಮಾತ್ರ ಬರುವುದಿಲ್ಲ. ‘ಮತ್ತೆ ಕಳುಹಿಸಿ’ ಎಂಬುದನ್ನು ಒಂದಲ್ಲ, ನಾಲ್ಕು ಸಲ ಒತ್ತುತ್ತೀರಿ. ಮುಕ್ಕಾಲು ಗಂಟೆಯ ನಂತರ ಐದೂ ಸಂದೇಶಗಳು ಒಟ್ಟಿಗೆ ಬಂದು ಬೀಳುತ್ತವೆ. ಅಷ್ಟರಲ್ಲಿ ಎಲ್ಲದರ ಅವಧಿಯೂ ಮುಗಿದಿರುತ್ತದೆ. ಒಂದೊಂದನ್ನೇ ಹಾಕಿ ನೋಡುತ್ತ ಹೋದರೆ ‘ಹಲವು ತಪ್ಪು ಪ್ರಯತ್ನಗಳು’ ಎಂದು ಖಾತೆಗೇ ಬೀಗ ಬೀಳುತ್ತದೆ.

ಇಲ್ಲಿ ಮೊದಲು ಬಿಡಬೇಕಾದದ್ದು ಆ ಗುಂಡಿಯನ್ನು ಪದೇ ಪದೇ ಒತ್ತುವ ಅಭ್ಯಾಸ. ಬಹಳಷ್ಟು ಸೇವೆಗಳಲ್ಲಿ ಹೊಸ ಕೋಡ್ ಕೇಳಿದ ಕ್ಷಣವೇ ಹಳೆಯದು ರದ್ದಾಗುತ್ತದೆ. ತಡವಾಗಿ ಬರುವ ಸಂದೇಶಗಳು ಕಳುಹಿಸಿದ ಕ್ರಮದಲ್ಲೇ ಬರುತ್ತವೆಂಬ ಖಾತ್ರಿಯೂ ಇಲ್ಲ. ಒಮ್ಮೆ ಕೇಳಿ, ಐದು ನಿಮಿಷ ಕಾಯಿರಿ. ಬರದಿದ್ದರೆ ತೊಂದರೆ ಬೇರೆಡೆ ಇದೆ ಎಂದರ್ಥ.

ಸಂದೇಶ ದಾರಿ ತಪ್ಪುವುದೆಲ್ಲಿ?

ಎಸ್‌ಎಂಎಸ್‌ಗೂ ನಿಮ್ಮ ಇಂಟರ್‌ನೆಟ್ ಸಂಪರ್ಕಕ್ಕೂ ಸಂಬಂಧವಿಲ್ಲ. ಅದು ಹುಡುಕಿಕೊಂಡು ಬರುವುದು ಸಿಮ್ ಅನ್ನು. ನೀವು ಬೇರೆ ದೇಶದಲ್ಲಿ ಇಳಿದಾಗ ನಿಮ್ಮ ಸಿಮ್ ಅಲ್ಲಿನ ಯಾವುದೋ ಕಂಪನಿಯ ಜಾಲದಲ್ಲಿ ಹೆಸರು ಬರೆಸಿಕೊಳ್ಳುತ್ತದೆ, ಆ ವಿಷಯ ನಿಮ್ಮ ಸ್ವಂತ ಕಂಪನಿಯ ದಾಖಲೆಗೂ ಸೇರುತ್ತದೆ. ಕೋಡ್ ಬಂದಾಗ ಕಂಪನಿಯ ಸಂದೇಶ ಕೇಂದ್ರ ಆ ದಾಖಲೆ ನೋಡಿ, ನೀವಿರುವ ಜಾಲಕ್ಕೆ ಅದನ್ನು ದಾಟಿಸುತ್ತದೆ. ಸಿಮ್ ಎಲ್ಲೂ ಹೆಸರು ಬರೆಸಿಲ್ಲವಾದರೆ ಸಂದೇಶ ಕೇಂದ್ರದಲ್ಲೇ ಕಾದು ಕೂರುತ್ತದೆ. ಕಾಯುವ ಗಡುವು ಮುಗಿದರೆ ಅಳಿಸಿಯೂ ಹೋಗುತ್ತದೆ. ಮುಕ್ಕಾಲು ಗಂಟೆಯ ನಂತರ ಐದು ಸಂದೇಶ ಒಟ್ಟಿಗೆ ಸುರಿದದ್ದಕ್ಕೆ ಕಾರಣ ಇದೇ: ಸಿಮ್ ಜಾಲ ಹಿಡಿದದ್ದು ಆಗಷ್ಟೇ.

ಹಾಗಾಗಿ ಊರಿನ ಸಿಮ್ ತೆಗೆದು ಪರ್ಸ್‌ನಲ್ಲಿಟ್ಟು, ಅಲ್ಲಿನ ಸಿಮ್ ಹಾಕಿಕೊಂಡವರಿಗೆ ಕೋಡ್ ಬರುವ ಮಾತೇ ಇಲ್ಲ. ಫೋನಿನಲ್ಲಿ ಎರಡು ಸಿಮ್‌ಗೆ ಜಾಗವಿದ್ದರೆ, ಅಥವಾ ಇ-ಸಿಮ್ ಹಾಕಲು ಬಂದರೆ, ಊರಿನ ಸಿಮ್ ಚಾಲೂ ಇರಲಿ. ಡೇಟಾಗೆ ಅಲ್ಲಿನ ಸಿಮ್ ಆರಿಸಿ, ಊರಿನ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಿ. ಡೇಟಾ ರೋಮಿಂಗ್ ಆಫ್ ಆಗಿದ್ದರೂ ಸಾಮಾನ್ಯವಾಗಿ ಎಸ್‌ಎಂಎಸ್ ಬರುತ್ತದೆ. ಆದರೆ ರೋಮಿಂಗ್ ಸೌಲಭ್ಯವೇ ನಿಮ್ಮ ನಂಬರಿಗೆ ಜಾರಿಯಾಗಿರಬೇಕು. ಪ್ರೀಪೇಡ್ ನಂಬರುಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಕಂಪನಿಯ ಆ್ಯಪ್‌ನಲ್ಲಿ ಅದನ್ನು ಹೊರಡುವ ಮೊದಲೇ ಆನ್ ಮಾಡಿಸಿಕೊಳ್ಳಿ. ಹೊರಗೆ ಹೋದ ಮೇಲೆ ಆ ಆ್ಯಪ್‌ಗೆ ಲಾಗಿನ್ ಆಗಲೂ ಒಟಿಪಿ ಕೇಳಬಹುದು.

ಅಲ್ಲೇ ಸಿಕ್ಕಿಹಾಕಿಕೊಂಡಿದ್ದರೆ

ಪರದೆಯ ಮೇಲ್ತುದಿ ನೋಡಿ. ಊರಿನ ಸಿಮ್‌ನ ಪಕ್ಕದಲ್ಲಿ ಸಿಗ್ನಲ್ ಗೆರೆಗಳಿವೆಯೇ, ಅಥವಾ ‘ಸೇವೆ ಇಲ್ಲ’, ‘ತುರ್ತು ಕರೆ ಮಾತ್ರ’ ಎಂದಿದೆಯೇ? ಎರಡನೆಯದಾದರೆ ಏರೋಪ್ಲೇನ್ ಮೋಡ್ ಅನ್ನು ಅರ್ಧ ನಿಮಿಷ ಆನ್ ಮಾಡಿ ಆಫ್ ಮಾಡಿ. ಆಗಲೂ ಜಾಲ ಸಿಗದಿದ್ದರೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ, ತಾನಾಗಿ ಆರಿಸುವ ಆಯ್ಕೆಯನ್ನು ತೆಗೆದು, ಪಟ್ಟಿಯಲ್ಲಿ ಕಾಣುವ ಕಂಪನಿಗಳನ್ನು ಒಂದೊಂದಾಗಿ ಪ್ರಯತ್ನಿಸಿ. ನಿಮ್ಮ ಕಂಪನಿಗೆ ಆ ದೇಶದ ಎಲ್ಲ ಜಾಲಗಳ ಜೊತೆಗೂ ಒಪ್ಪಂದ ಇರಬೇಕೆಂದೇನಿಲ್ಲ. 2ಜಿ, 3ಜಿ ಮುಚ್ಚಿರುವ ದೇಶಗಳಲ್ಲಿ ಹಳೆಯ ಹ್ಯಾಂಡ್‌ಸೆಟ್‌ಗಳಿಗೆ ಹಿಡಿಯಲು ಜಾಲವೇ ಉಳಿದಿರುವುದಿಲ್ಲ.

ಸಿಗ್ನಲ್ ಇದ್ದೂ ಕೋಡ್ ಬರದಿದ್ದರೆ ಊರಿನಲ್ಲಿರುವ ಒಬ್ಬರಿಗೆ ಹೇಳಿ ಒಂದು ಮಾಮೂಲಿ ಎಸ್‌ಎಂಎಸ್ ಹಾಕಿಸಿಕೊಳ್ಳಿ. ಇಲ್ಲೊಂದು ಮೋಸವಿದೆ. ಇಬ್ಬರ ಬಳಿಯೂ ಐಫೋನ್ ಇದ್ದರೆ ಸಂದೇಶ ನೀಲಿ ಬಣ್ಣದಲ್ಲಿ, ಇಂಟರ್‌ನೆಟ್ ಮೂಲಕ ಬಂದುಬಿಡುತ್ತದೆ. ಆಂಡ್ರಾಯ್ಡ್‌ನಲ್ಲಿ ಆರ್‌ಸಿಎಸ್ ಚಾಟ್ ಕೂಡ ಹಾಗೆಯೇ. ‘ಬಂತಲ್ಲ, ಎಲ್ಲ ಸರಿಯಿದೆ’ ಎಂದುಕೊಂಡರೆ ಪರೀಕ್ಷೆ ಕೆಟ್ಟಂತೆ. ಕಳುಹಿಸುವವರು ಅದನ್ನು ಆಫ್ ಮಾಡಿ ಅಪ್ಪಟ ಎಸ್‌ಎಂಎಸ್ ಆಗಿಯೇ ಕಳುಹಿಸಬೇಕು. ಅದು ಬಂದು, ಕೋಡ್ ಮಾತ್ರ ಬರದಿದ್ದರೆ ನಿಮ್ಮ ಸಿಮ್‌ನಲ್ಲಿ ದೋಷವಿಲ್ಲ. ಸೇವೆಗಳು ಸಗಟಾಗಿ ಕಳುಹಿಸುವ ಸಂದೇಶಗಳು ನಡುವಿನ ಯಾವುದೋ ಜಾಲದ ಸೋಸುವಿಕೆಗೆ ಸಿಕ್ಕಿಬಿದ್ದಿರಬಹುದು. ಅದನ್ನು ನೀವು ರಿಪೇರಿ ಮಾಡಲಾಗದು. ಲಾಗಿನ್ ಪುಟದಲ್ಲಿ ‘ಬೇರೆ ವಿಧಾನ ಬಳಸಿ’ ಎಂಬ ಕೊಂಡಿ ಹುಡುಕಿ. ಇಮೇಲ್, ಧ್ವನಿ ಕರೆ ಅಥವಾ ಈಗಾಗಲೇ ಲಾಗಿನ್ ಆಗಿರುವ ಇನ್ನೊಂದು ಸಾಧನದಲ್ಲಿ ಒಪ್ಪಿಗೆ ಕೇಳುವ ಆಯ್ಕೆ ಅಲ್ಲಿ ಅಡಗಿರುತ್ತದೆ.

ವೈ-ಫೈ ಕಾಲಿಂಗ್ ಕೂಡ ಒಂದು ದಾರಿ. ನಿಮ್ಮ ಕಂಪನಿ ಒಪ್ಪಿದರೆ ಹೋಟೆಲಿನ ವೈ-ಫೈಯಲ್ಲೇ ಊರಿನ ನಂಬರಿನ ಎಸ್‌ಎಂಎಸ್ ಇಳಿಯುತ್ತದೆ. ಕೆಲವು ಕಂಪನಿಗಳು ಹೊರದೇಶದಲ್ಲಿ ಇದನ್ನು ತಡೆಹಿಡಿಯುತ್ತವೆ. ಮನೆಯಲ್ಲೇ ಪರೀಕ್ಷಿಸಲು ಏರೋಪ್ಲೇನ್ ಮೋಡ್ ಆನ್ ಮಾಡಿ, ವೈ-ಫೈ ಮಾತ್ರ ಹಚ್ಚಿ, ಒಂದು ಎಸ್‌ಎಂಎಸ್ ತರಿಸಿಕೊಂಡು ನೋಡಿ. ಮನೆಯಲ್ಲೇ ಬರದಿದ್ದರೆ ಹೊರದೇಶದಲ್ಲಿ ಬರುವ ಆಸೆ ಬೇಡ.

ಗಟ್ಟಿ ಪರಿಹಾರ: ಅಥೆಂಟಿಕೇಟರ್ ಆ್ಯಪ್

ಇದನ್ನು ಹೊರಡುವ ಒಂದು ವಾರ ಮೊದಲೇ, ಒಟಿಪಿ ಸಲೀಸಾಗಿ ಬರುತ್ತಿರುವಾಗ ಮಾಡಬೇಕು. ಭದ್ರತೆಯ ಸೆಟ್ಟಿಂಗ್ ಬದಲಿಸಲು ಹೆಚ್ಚಿನ ಸೇವೆಗಳು ಹಳೆಯ ವಿಧಾನದಲ್ಲೇ ಒಮ್ಮೆ ಖಾತ್ರಿ ಕೇಳುತ್ತವೆ. ಎಸ್‌ಎಂಎಸ್ ಸಿಗದ ಜಾಗದಲ್ಲಿ ಕೂತು ಎಸ್‌ಎಂಎಸ್‌ನಿಂದ ಬಿಡುಗಡೆ ಪಡೆಯಲಾಗದು.

ಖಾತೆಯ ಭದ್ರತೆ ವಿಭಾಗದಲ್ಲಿ ಎರಡು ಹಂತದ ಲಾಗಿನ್ ತೆರೆದು, ಅಥೆಂಟಿಕೇಟರ್ ಆ್ಯಪ್ ಆರಿಸಿ. ಒಂದು ಕ್ಯೂಆರ್ ಚೌಕ ಕಾಣುತ್ತದೆ. ಅದರೊಳಗೆ ಇರುವುದು ಇಂಥದೊಂದು ಸಾಲು, ಅಷ್ಟೇ:

```
otpauth://totp/mail:user?secret=JBSWY3DPEHPK3PXP
```

`secret=` ನಂತರದ ಅಕ್ಷರಗಳೇ ಗುಟ್ಟಿನ ಕೀಲಿ. ಫೋನು ಈ ಕೀಲಿಯನ್ನೂ ಆ ಹೊತ್ತಿನ ಸಮಯವನ್ನೂ ಬೆರೆಸಿ ಆರಂಕಿಯ ಕೋಡ್ ತಯಾರಿಸುತ್ತದೆ, 30 ಸೆಕೆಂಡಿಗೊಮ್ಮೆ ಬದಲಿಸುತ್ತದೆ. ಅತ್ತ ಸರ್ವರ್ ಕೂಡ ಅದೇ ಲೆಕ್ಕ ಹಾಕಿ ತಾಳೆ ನೋಡುತ್ತದೆ. ನಡುವೆ ಯಾವ ಸಂದೇಶವೂ ಓಡಾಡುವುದಿಲ್ಲ. ಹಾಗಾಗಿ ಸಿಮ್ ಬೇಡ, ಇಂಟರ್‌ನೆಟ್ ಬೇಡ. ವಿಮಾನದೊಳಗೂ ಆ್ಯಪ್ ಕೋಡ್ ಕೊಡುತ್ತದೆ.

ಕ್ಯೂಆರ್ ಚೌಕವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ. ಪುಟ ಮುಚ್ಚುವ ಮೊದಲು ಅದೇ ಚೌಕವನ್ನು ಎರಡನೇ ಸಾಧನದಲ್ಲೂ, ಅದು ಟ್ಯಾಬ್ಲೆಟ್ ಆಗಲಿ ಹಳೆಯ ಫೋನ್ ಆಗಲಿ, ಸ್ಕ್ಯಾನ್ ಮಾಡಿ. ಎರಡರಲ್ಲೂ ಒಂದೇ ಅಂಕಿ ಕಂಡರೆ ಕೆಲಸ ಸರಿಯಾಗಿದೆ. ಹೆಚ್ಚಿನವರು ಬಿಡುವುದು ಈ ಹೆಜ್ಜೆಯನ್ನೇ, ಆಮೇಲೆ ಫೋನ್ ಕಳೆದಾಗ ಪರದಾಡುವುದೂ ಇದಕ್ಕೇ. ಪುಟ ಮುಚ್ಚಿದ ಮೇಲೆ ಆ ಚೌಕ ಸಾಮಾನ್ಯವಾಗಿ ಮತ್ತೆ ಸಿಗದು, ಹೊಸದನ್ನೇ ಪಡೆಯಬೇಕು. ಫೋನಿನಲ್ಲೇ ಪುಟ ತೆರೆದು ಸ್ಕ್ಯಾನ್ ಮಾಡಲಾಗದಿದ್ದರೆ ಚೌಕದ ಕೆಳಗೆ ಕೀಲಿಯನ್ನು ಅಕ್ಷರಗಳಲ್ಲಿ ತೋರಿಸುವ ಕೊಂಡಿ ಇರುತ್ತದೆ. ಅದನ್ನು ನಕಲು ಮಾಡಿ ಆ್ಯಪ್‌ಗೆ ಹಾಕಿದರಾಯಿತು. ಆ ಕೀಲಿಯಲ್ಲಿ ಸೊನ್ನೆಯಾಗಲಿ ಒಂದಾಗಲಿ ಇರುವುದೇ ಇಲ್ಲ. ಹಾಗೆ ಕಂಡರೆ ಅದು O, I ಅಥವಾ ಸಣ್ಣಕ್ಷರದ l.

ಕೊನೆಗೆ ಬ್ರೌಸರಿನ ಖಾಸಗಿ ಕಿಟಕಿ ತೆರೆದು, ಆ್ಯಪ್‌ನ ಕೋಡ್ ಹಾಕಿ ಒಮ್ಮೆ ಲಾಗಿನ್ ಆಗಿ. ಇದು ಆಗುವವರೆಗೆ ಎಸ್‌ಎಂಎಸ್ ವಿಧಾನವನ್ನು ತೆಗೆಯಬೇಡಿ.

ಗಡಿಯಾರ ತಿರುಗಿಸಿದವರ ಪಾಡು

ಆ್ಯಪ್ ಕೂಡ ಪ್ರವಾಸದಲ್ಲಿ ಕೈಕೊಡುವ ಒಂದು ಸಂದರ್ಭವಿದೆ. ಹೊಸ ದೇಶದ ಸಮಯ ಮೂರು ಗಂಟೆ ಹಿಂದಿದೆ ಎಂದುಕೊಳ್ಳಿ. ಫೋನು ತಾನಾಗಿ ಬದಲಾಗಲಿಲ್ಲವೆಂದು ನೀವೇ ಸೆಟ್ಟಿಂಗ್‌ಗೆ ಹೋಗಿ ಮುಳ್ಳನ್ನು ಮೂರು ಗಂಟೆ ಹಿಂದಕ್ಕೆ ತಿರುಗಿಸುತ್ತೀರಿ. ಗೋಡೆ ಗಡಿಯಾರಕ್ಕೂ ಫೋನಿಗೂ ಈಗ ಹೊಂದಾಣಿಕೆಯಾಯಿತು, ಆದರೆ ಅಥೆಂಟಿಕೇಟರ್ ಕೆಟ್ಟಿತು.

ಆ್ಯಪ್ ಬಳಸುವುದು ಸ್ಥಳೀಯ ಸಮಯವನ್ನಲ್ಲ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು 30ರಿಂದ ಭಾಗಿಸಿದ ಸಂಖ್ಯೆಯನ್ನು. ಈ ಎಣಿಕೆ ಜಗತ್ತಿನ ಎಲ್ಲ ಕಡೆ ಒಂದೇ. ಸಮಯ ವಲಯ ಬದಲಿಸಿದರೆ ಎಣಿಕೆ ಅಲುಗುವುದಿಲ್ಲ. ವಲಯ ಹಾಗೇ ಬಿಟ್ಟು ಗಂಟೆ ತಿರುಗಿಸಿದರೆ ಫೋನಿನ ಪಾಲಿಗೆ ನಿಜವಾಗಿಯೂ ಮೂರು ಗಂಟೆ ಹಿಂದಕ್ಕೆ ಹೋದಂತೆ. ಅಂದರೆ 10,800 ಸೆಕೆಂಡು, 360 ಕೋಡ್‌ಗಳಷ್ಟು ಹಿಂದೆ. ಸರ್ವರ್‌ಗಳು ಸಹಿಸುವುದು ಸಾಮಾನ್ಯವಾಗಿ ಆಚೀಚೆ ಒಂದು ಕೋಡ್‌ನಷ್ಟು ವ್ಯತ್ಯಾಸ. ಫೋನಿನಲ್ಲಿ ಯಾವ ಎಚ್ಚರಿಕೆಯೂ ಕಾಣುವುದಿಲ್ಲ, ಅಂಕಿಗಳು ಎಂದಿನಂತೆ ಬದಲಾಗುತ್ತಲೇ ಇರುತ್ತವೆ, ಸರ್ವರ್ ಮಾತ್ರ ‘ತಪ್ಪು ಕೋಡ್’ ಎನ್ನುತ್ತದೆ. ದಿನಾಂಕ ಮತ್ತು ಸಮಯದ ಸೆಟ್ಟಿಂಗ್‌ನಲ್ಲಿ ‘ತಾನಾಗಿ ಹೊಂದಿಸು’ ಆನ್ ಮಾಡಿ. ಮುಂದಿನ ಕೋಡ್‌ನಿಂದಲೇ ಸರಿಹೋಗುತ್ತದೆ.

ಎಸ್‌ಎಂಎಸ್ ಬಿಟ್ಟು ಬೇರೇನೂ ಕೊಡದವರು

ಕೆಲವು ಬ್ಯಾಂಕುಗಳು ಅಥೆಂಟಿಕೇಟರ್‌ಗೆ ಅವಕಾಶವನ್ನೇ ಕೊಡುವುದಿಲ್ಲ. ಅಂಥ ಕಡೆ ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲೇ ಒಪ್ಪಿಗೆ ಕೊಡುವ ಸೌಲಭ್ಯವಿದೆಯೇ ನೋಡಿ. ಅದಕ್ಕೆ ಇಂಟರ್‌ನೆಟ್ ಸಾಕು. ಆದರೆ ಆ ಆ್ಯಪ್ ನಿಮ್ಮ ಫೋನಿಗೆ, ಕೆಲವೊಮ್ಮೆ ಸಿಮ್‌ಗೂ ಬೆಸೆದುಕೊಂಡಿರುತ್ತದೆ. ಪ್ರವಾಸದ ನಡುವೆ ಅದನ್ನು ಅಳಿಸಿ ಮತ್ತೆ ಹಾಕಿಕೊಳ್ಳುವುದು, ಹೊಸ ಫೋನಿಗೆ ಬದಲಾಗುವುದು, ಊರಿನ ಸಿಮ್ ಹೊರತೆಗೆಯುವುದು, ಮೂರೂ ಬೇಡ. ಮತ್ತೆ ನೋಂದಣಿಗೆ ಎಸ್‌ಎಂಎಸ್ಸೇ ಬೇಕಾಗುತ್ತದೆ.

ಖಾತೆಯ ನಂಬರನ್ನು ತಾತ್ಕಾಲಿಕವಾಗಿ ಅಲ್ಲಿನ ಸಿಮ್‌ಗೆ ಬದಲಿಸುವುದು ಕೆಟ್ಟ ಉಪಾಯ. ನೀವು ವಾಪಸಾದ ಮೇಲೆ ಆ ನಂಬರ್ ಇನ್ನೊಬ್ಬರ ಪಾಲಾಗುತ್ತದೆ. ಇಂಟರ್‌ನೆಟ್ ಆಧಾರಿತ ನಂಬರುಗಳನ್ನು ಅನೇಕ ಸೇವೆಗಳು ಗುರುತಿಸಿ ನಿರಾಕರಿಸುತ್ತವೆ.

ಕಾಗದದ ಮೇಲಿನ ಕೋಡ್

ಎರಡು ಹಂತದ ಲಾಗಿನ್ ಇರುವ ಬಹಳಷ್ಟು ಸೇವೆಗಳು ಬ್ಯಾಕಪ್ ಕೋಡ್ ಕೊಡುತ್ತವೆ. ಗೂಗಲ್ ಕೊಡುವುದು ಎಂಟಂಕಿಯ 10 ಕೋಡ್‌ಗಳನ್ನು. ಒಂದೊಂದೂ ಒಮ್ಮೆ ಮಾತ್ರ ನಡೆಯುತ್ತದೆ. ಹೊಸ ಪಟ್ಟಿ ಪಡೆದರೆ ಹಳೆಯದು ಪೂರ್ತಿ ರದ್ದು. ಹಾಗಾಗಿ ಮುದ್ರಿಸಿದ ಹಾಳೆಯ ಮೇಲೆ ದಿನಾಂಕ ಬರೆದಿಡಿ. ಬಳಸಿದ ಕೋಡ್ ಅನ್ನು ಪೆನ್ನಿನಿಂದ ಹೊಡೆದುಹಾಕಿ. ಪಾಸ್‌ವರ್ಡ್ ಮಾತ್ರ ಆ ಹಾಳೆಯ ಮೇಲೆ ಬೇಡ. ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಫೋನ್ ಕಳೆದ ದಿನ ಫೋಟೊವೂ ಕಳೆದಿರುತ್ತದೆ. ಹಾಳೆಯನ್ನು ಫೋನ್ ಇಡುವ ಚೀಲದಲ್ಲಲ್ಲ, ಪಾಸ್‌ಪೋರ್ಟ್‌ನ ಜೊತೆಯಲ್ಲಿಡಿ.